ಪಾಕ ಕಾಯುವುದಿಲ್ಲ: ಮೈಸೂರು ಪಾಕ್ ವಿಡಿಯೊ ಒಂದರ ಟಾಪ್ ಆ್ಯಂಗಲ್ ಚಿತ್ರೀಕರಣದ ಪ್ರಕರಣ ಅಧ್ಯಯನ

ಹಿನ್ನೆಲೆ

ಹಳೇ ಮೈಸೂರು ಭಾಗದ ಒಂದು ತಾಲ್ಲೂಕು ಪಟ್ಟಣ. ಅಲ್ಲಿ ಮನೆಯಿಂದಲೇ ಸಿಹಿತಿಂಡಿ ಮಾಡಿಕೊಡುವ ಒಬ್ಬ ತಾಯಿ, ಆ ಅಡುಗೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸುವ ಅವರ ಮಗಳು. ಗುರುತು ಹೊರಗೆ ಬರಬಾರದೆಂದು ಅವರನ್ನು ಇಲ್ಲಿ ಅಮ್ಮ, ಮಗಳು ಎಂದಷ್ಟೇ ಕರೆಯುತ್ತೇನೆ. ನಾನು ವಿಡಿಯೊ ಚಿತ್ರೀಕರಣ ಮಾಡುವವನು. ಎರಡು ದಿನ ಪ್ರಯತ್ನಿಸಿ, ಎರಡು ಬಾಣಲೆ ಮೈಸೂರು ಪಾಕ್ ಕೆಟ್ಟ ಮೇಲೆ ಅವರು ನನ್ನನ್ನು ಕರೆದರು. ಹೋದಾಗ ಅಮ್ಮ ನನ್ನ ಮುಂದಿಟ್ಟ ತಟ್ಟೆಯಲ್ಲಿದ್ದದ್ದು ಕಲ್ಲಿನಂತೆ ಗಟ್ಟಿಯಾದ ಒಂದು ತುಂಡು. "ನಲವತ್ತು ವರ್ಷದಲ್ಲಿ ನನ್ನ ಕೈಯಲ್ಲಿ ಹೀಗಾಗಿರಲಿಲ್ಲ ಕಣಪ್ಪ" ಎಂದರು. ಆ ಮಾತಿನಲ್ಲಿದ್ದ ನೋವು ನನಗೆ ಈಗಲೂ ನೆನಪಿದೆ. ಕೆಟ್ಟದ್ದು ಅವರ ಕೈಯಿಂದಲ್ಲ, ಚಿತ್ರೀಕರಣದ ಕ್ರಮದಿಂದ. ಅದನ್ನು ಸರಿಪಡಿಸಿದ ಬಗೆಯನ್ನೇ ಇಲ್ಲಿ ಬರೆದಿದ್ದೇನೆ.

ಇದಕ್ಕೆ ಮೊದಲು ತಾಯಿ ಮಗಳು ಸೇರಿ ಮಾಡಿದ್ದ ಚಿರೋಟಿ, ಕೋಡುಬಳೆಯ ವಿಡಿಯೊಗಳು ಚೆನ್ನಾಗಿಯೇ ಬಂದಿದ್ದವು. ಅವುಗಳಲ್ಲಿ ನೋಡಬೇಕಾದ ಕೆಲಸವೆಲ್ಲ ಮಣೆಯ ಮೇಲೆ ನಡೆಯುತ್ತದೆ. ಹಿಟ್ಟು ಚಪ್ಪಟೆಯಾಗಿರುತ್ತದೆ, ತಣ್ಣಗಿರುತ್ತದೆ, ಕ್ಯಾಮೆರಾ ಸರಿಮಾಡಿಕೊಳ್ಳುವವರೆಗೆ ಕಾಯುತ್ತದೆ. ಮೇಲಿನಿಂದ ನೇರವಾಗಿ ಕೆಳಗೆ ನೋಡುವ ಕ್ಯಾಮೆರಾಕ್ಕೆ ಅದಕ್ಕಿಂತ ಅನುಕೂಲವಾದ ಅಡುಗೆ ಇನ್ನೊಂದಿಲ್ಲ. ಮೈಸೂರು ಪಾಕ್ ಇದಕ್ಕೆ ಪೂರ್ತಿ ವಿರುದ್ಧ. ಅದು ಆಳದ ಬಾಣಲೆಯಲ್ಲಿ ಆಗುತ್ತದೆ, ಹಬೆ ಬರುತ್ತದೆ, ತುಪ್ಪ ಕನ್ನಡಿಯಂತೆ ಹೊಳೆಯುತ್ತದೆ, ಕೈ ಬಿಡದೆ ಜೋರಾಗಿ ತಿರುವಬೇಕಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಪಾಕ ಯಾರಿಗಾಗಿಯೂ ಕಾಯುವುದಿಲ್ಲ. ಮಗಳು ಚಿರೋಟಿಗೆ ಒಪ್ಪಿದ ಅದೇ ಏರ್ಪಾಡನ್ನು ಇದಕ್ಕೂ ಹೊಂದಿಸಲು ಹೋಗಿದ್ದಳು.

ಮೊದಲೆರಡು ದಿನ ಆದದ್ದು

ಮೊದಲ ದಿನ ಅಡುಗೆಮನೆಯ ಕಟ್ಟೆಯ ಮೇಲೆ ಒಲೆ. ಕಟ್ಟೆಯ ಅಂಚಿಗೆ ಕ್ಲ್ಯಾಂಪ್ ಬಿಗಿದು, ಬಗ್ಗಿಸಬಹುದಾದ ಲೋಹದ ತೋಳಿನ ತುದಿಗೆ ಮೊಬೈಲ್. ಬಾಣಲೆಯ ಬಾಯಿಯಿಂದ ಮೊಬೈಲಿಗೆ ಸುಮಾರು 45 ಸೆಂ.ಮೀ. ಬೆಳಕಿಗೆ ಚಾವಣಿಯ ಎಲ್‌ಇಡಿ ಟ್ಯೂಬ್ ಮತ್ತು ಪಕ್ಕದ ಕಿಟಕಿ. ಪಾತ್ರೆ ಹೊಸ ಸ್ಟೀಲ್ ಬಾಣಲೆ, ಆಳವಾದದ್ದು.

ಆ ದಿನದ ತುಣುಕುಗಳನ್ನು ನಾನು ಪೂರ್ತಿ ನೋಡಿದೆ. ಸಕ್ಕರೆ, ನೀರು ಹಾಕುವವರೆಗೆ ಚಿತ್ರ ಸ್ಥಿರವಾಗಿದೆ. ಕಡಲೆಹಿಟ್ಟು ಬಿದ್ದು ಅಮ್ಮ ತಿರುವಲು ಆರಂಭಿಸಿದ ಕೂಡಲೇ ಪ್ರತಿ ಸುತ್ತಿಗೂ ಚಿತ್ರ ತೂಗಾಡುತ್ತದೆ. ಕೈಯ ಬಲ ಬಾಣಲೆಯಿಂದ ಒಲೆಗೆ, ಒಲೆಯಿಂದ ಕಟ್ಟೆಯ ಕಲ್ಲಿಗೆ, ಅಲ್ಲಿಂದ ಕ್ಲ್ಯಾಂಪಿಗೆ ಹೋಗುತ್ತದೆ. ಬಗ್ಗುವ ತೋಳು ಆ ಚಿಕ್ಕ ಅಲುಗಾಟವನ್ನು ತುದಿಯಲ್ಲಿ ದೊಡ್ಡದು ಮಾಡುತ್ತದೆ. ಎರಡನೆಯ ದೋಷ ಹಬೆ. ಪಾಕ ಕುದಿಯತೊಡಗಿದ ಎರಡು ನಿಮಿಷಕ್ಕೆ ಲೆನ್ಸ್ ಮಂಜಾಗಿದೆ. ಮೂರನೆಯದು, ಚಿತ್ರದ ಮೇಲೆ ನಿಧಾನವಾಗಿ ಜಾರುವ ಕಪ್ಪು ಪಟ್ಟಿಗಳು.

ಇಷ್ಟಾದರೂ ಸಿಹಿ ಕೆಡಬೇಕಿರಲಿಲ್ಲ. ಕೆಟ್ಟದ್ದು ಯಾವಾಗ ಎಂಬುದು ಧ್ವನಿಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಪಾಕ ಒಂದೆಳೆಗೆ ಬಂದಿದೆ, ಅಮ್ಮ ಹಿಟ್ಟಿಗೆ ಕೈ ಹಾಕಿದ್ದಾರೆ, ಅಷ್ಟರಲ್ಲಿ ಮಗಳ ದನಿ: "ಒಂದು ನಿಮಿಷ ನಿಲ್ಲಿಸಮ್ಮ, ಲೆನ್ಸ್ ಒರೆಸುತ್ತೇನೆ." ಅಮ್ಮ ಉರಿ ಸಣ್ಣ ಮಾಡಿ ನಿಂತರು. ದಪ್ಪ ತಳದ ಪಾತ್ರೆಯಲ್ಲಿ ಉರಿ ಇಳಿಸಿದ ಮಾತ್ರಕ್ಕೆ ಪಾಕ ನಿಲ್ಲುವುದಿಲ್ಲ. ನೀರು ಆವಿಯಾಗುತ್ತಲೇ ಇರುತ್ತದೆ. ಒರೆಸಿ, ಫೋಕಸ್ ನೋಡಿ ಹಿಟ್ಟು ಹಾಕುವ ಹೊತ್ತಿಗೆ ಅದು ಎರಡೆಳೆ ದಾಟಿತ್ತು. ಸಿಹಿ ಗಟ್ಟಿಯಾದದ್ದು ಅಲ್ಲಿ.

ಎರಡನೆಯ ದಿನ ಮಗಳು ಇದನ್ನು ಗಮನಿಸಿ ಉಪಾಯವೊಂದನ್ನು ಮಾಡಿದ್ದಳು. ಪ್ರತಿ ಹಂತದ ನಡುವೆ ಒಲೆ ಆರಿಸುವುದು, ಕ್ಯಾಮೆರಾ ಸಿದ್ಧವಾದ ಮೇಲೆ ಮತ್ತೆ ಹೊತ್ತಿಸುವುದು. ಪಲ್ಯ ಸಾರುಗಳಿಗಾದರೆ ಇದು ನಡೆಯುತ್ತದೆ. ಇಲ್ಲಿ ಬಿಸಿ ತುಪ್ಪ ಸೌಟು ಸೌಟಾಗಿ ಬೀಳುವಾಗ ಬಾಣಲೆಯ ಮಿಶ್ರಣವೂ ಅಷ್ಟೇ ಬಿಸಿಯಾಗಿರಬೇಕು. ಆಗ ಮಾತ್ರ ಅದು ನೊರೆಯುಕ್ಕಿ ಒಳಗೆ ಗೂಡು ಗೂಡಾಗುತ್ತದೆ. ಆರಿಸಿ ಹೊತ್ತಿಸಿದ್ದರಿಂದ ನೊರೆ ಬರಲೇ ಇಲ್ಲ. ತುಪ್ಪ ಅಂಚಿನಲ್ಲಿ ಬೇರೆಯಾಗಿ ನಿಂತು, ಹಲ್ವದಂಥ ಮುದ್ದೆಯೊಂದು ಉಳಿಯಿತು.

ಮೊದಲು ಬದಲಿಸಿದ್ದು: ಒಲೆಯ ಜಾಗ

ನಾನು ಹೋದ ದಿನ ಒಲೆ ಹೊತ್ತಿಸಲಿಲ್ಲ. ಮನೆಯನ್ನು ನೋಡಿದೆ. ನಡುಮನೆಯಲ್ಲಿ ಪೂರ್ವಕ್ಕೆ ಒಂದು ದೊಡ್ಡ ಕಿಟಕಿ, ಅದರ ಪಕ್ಕದಲ್ಲಿ ಸುಮಾರು 45 ಸೆಂ.ಮೀ. ಎತ್ತರದ ಗಟ್ಟಿ ಮರದ ಮೇಜು. ದೊಡ್ಡ ಆರ್ಡರುಗಳಿಗೆಂದು ಅವರ ಬಳಿ ಐದು ಕೆ.ಜಿ. ಸಿಲಿಂಡರಿನ ಒಂಟಿ ಒಲೆ ಇತ್ತು. ಅಡುಗೆಮನೆಯನ್ನು ಬಿಟ್ಟು ಇಲ್ಲಿಗೆ ಬರೋಣ ಎಂದಾಗ ಅಮ್ಮ ಕೂಡಲೇ ಒಪ್ಪಲಿಲ್ಲ. ಕುಳಿತು ತಿರುವುವ ಅಭ್ಯಾಸ ತಪ್ಪಿ ಬಹಳ ವರ್ಷವಾಗಿತ್ತು. ಖಾಲಿ ಬಾಣಲೆಯಲ್ಲಿ ಸಟ್ಟುಗ ಆಡಿಸಿ ನೋಡಿ, ಗಿಡ್ಡ ಸ್ಟೂಲಿನ ಮೇಲೆ ಕುಳಿತರೆ ತೋಳಿಗೆ ಸಲೀಸು ಎಂದು ಅವರೇ ಹೇಳಿದ ಮೇಲೆ ಮುಂದುವರಿದೆವು. ಸಿಲಿಂಡರನ್ನು ಮೇಜಿನ ಕೆಳಗಿಡದೆ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿದೆವು. ಮೇಜಿನ ಕಾಲುಗಳು ಅಲ್ಲಾಡುತ್ತವೆಯೇ ಎಂದು ಭಾರ ಹಾಕಿ ನೋಡಿದೆವು. ಬಿಸಿ ಪಾಕ, ಬಿಸಿ ತುಪ್ಪ ಮಡಿಲ ಮಟ್ಟದಲ್ಲಿರುವಾಗ ಈ ಪರೀಕ್ಷೆ ಮಾಡದೆ ಒಲೆ ಹೊತ್ತಿಸಬಾರದು.

ಗಿಡ್ಡ ಮೇಜು ಏಕೆ ಬೇಕಿತ್ತು ಎಂದರೆ, ಕ್ಯಾಮೆರಾವನ್ನು ಹಬೆಯಿಂದ ದೂರ ಎತ್ತರಿಸಲು. ಸಾಮಾನ್ಯ ಮೊಬೈಲಿನ ಮುಖ್ಯ ಲೆನ್ಸ್ ತಾನಿರುವ ದೂರಕ್ಕಿಂತ ತುಸು ಹೆಚ್ಚು ಅಗಲವನ್ನು ಹಿಡಿಯುತ್ತದೆ. 45 ಸೆಂ.ಮೀ. ಮೇಲಿದ್ದರೆ ಸುಮಾರು 60 ಸೆಂ.ಮೀ. ಅಗಲ ಕಾಣುತ್ತದೆ, 30 ಸೆಂ.ಮೀ. ಬಾಣಲೆಗೆ ಅದು ಸರಿಯಾದ ಚೌಕಟ್ಟು. ಮಗಳು ಅಷ್ಟು ಹತ್ತಿರ ಇಟ್ಟದ್ದು ಅದಕ್ಕಾಗಿಯೇ. ಆದರೆ ಅಷ್ಟು ಹತ್ತಿರದಿಂದ ನೋಡಿದರೆ ಬಾಣಲೆಯ ಬಾಯಿ ದೊಡ್ಡದಾಗಿ, ತಳ ಚಿಕ್ಕದಾಗಿ, ಬಾವಿಯೊಳಗೆ ಇಣುಕಿದಂತೆ ಕಾಣುತ್ತದೆ. ನಾವು ಮೊಬೈಲನ್ನು 90 ಸೆಂ.ಮೀ. ಮೇಲಕ್ಕೆ ಒಯ್ದೆವು. ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್ ಆ ಮೊಬೈಲಿನಲ್ಲಿ ಇರಲಿಲ್ಲ. ಅದಕ್ಕಾಗಿ 4ಕೆ ಗುಣಮಟ್ಟದಲ್ಲಿ ಚಿತ್ರೀಕರಿಸಿ, ಸಂಕಲನದಲ್ಲಿ ನಡುವಿನ ಅರ್ಧ ಅಗಲವನ್ನು ಮಾತ್ರ ಬಳಸಿದೆವು. 3840 ಚುಕ್ಕೆಗಳ ಅಗಲದಲ್ಲಿ ಅರ್ಧವೆಂದರೆ 1920, ಸಾಮಾನ್ಯ ಎಚ್‌ಡಿ ವಿಡಿಯೊಗೆ ಬೇಕಾದಷ್ಟೇ. ಅಡುಗೆಕಟ್ಟೆಯ ಮೇಲೆ ಇದೇ ದೂರ ಬೇಕೆಂದರೆ ಮೊಬೈಲ್ ಎರಡು ಮೀಟರಿನ ಹತ್ತಿರ ಹೋಗುತ್ತಿತ್ತು, ಅದರ ಪರದೆ ನೋಡಲು ಏಣಿ ಬೇಕಾಗುತ್ತಿತ್ತು. ಗಿಡ್ಡ ಮೇಜಿನಿಂದಾಗಿ ಅದು ಮಗಳ ಕಣ್ಣಿನ ಮಟ್ಟಕ್ಕೇ ಬಂತು.

ಮೊಬೈಲನ್ನು ಹಿಡಿದ ಸಲಕರಣೆ ಸರಳ. ಫೋಟೊ ಸ್ಟುಡಿಯೊದವರು ಹಿನ್ನೆಲೆಯ ಪರದೆ ಕಟ್ಟಲು ಬಳಸುವ ಎರಡು ಸ್ಟ್ಯಾಂಡು, ಅವುಗಳ ನಡುವೆ ಅಡ್ಡಲಾಗಿ ಒಂದು ಕಬ್ಬಿಣದ ಕೊಳವೆ, ಬಾಡಿಗೆಗೆ ತಂದದ್ದು. ಸ್ಟ್ಯಾಂಡಿನ ಕಾಲುಗಳು ಮೇಜಿಗೆ ಎಲ್ಲಿಯೂ ತಾಗದೆ ನೆಲದ ಮೇಲೆ ನಿಂತವು. ಪ್ರತಿ ಸ್ಟ್ಯಾಂಡಿನ ಬುಡಕ್ಕೆ ಐದು ಕೆ.ಜಿ. ಅಕ್ಕಿಯ ಚೀಲ. ಅಮ್ಮ ಎಷ್ಟೇ ಜೋರಾಗಿ ತಿರುವಿದರೂ ಆ ಬಲ ಮೇಜಿನಲ್ಲೇ ಮುಗಿಯುತ್ತದೆ. ಮೊಬೈಲಿನ ಹಿಡಿಕೆಯಿಂದ ಕೊಳವೆಗೆ ಬೇರೆಯಾಗಿ ಒಂದು ಗಟ್ಟಿ ದಾರ ಕಟ್ಟಿದೆ. ಬಿಸಿ ತುಪ್ಪದ ಮೇಲೆ ತೂಗುವ ಯಾವುದೇ ವಸ್ತುವಿಗೆ ಎರಡನೆಯ ಹಿಡಿತ ಇರಲೇಬೇಕು ಎಂಬುದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಒಂದು ತೊಡಕು ಆಗಲೇ ಕಾಣಿಸಿತು. ದುಂಡು ಕೊಳವೆ ಮೊಬೈಲಿನ ಭಾರಕ್ಕೆ ನಿಧಾನವಾಗಿ ಉರುಳುತ್ತಿತ್ತು. ಹತ್ತು ನಿಮಿಷದಲ್ಲಿ ಚಿತ್ರ ಬೆರಳಿನಷ್ಟು ಸರಿದಿತ್ತು. ಕೊಳವೆಯ ಎರಡೂ ತುದಿಗೆ ಬಟ್ಟೆಯ ಟೇಪ್ ಸುತ್ತಿ ಬಿಗಿದ ಮೇಲೆ ನಿಂತಿತು. ಕ್ಯಾಮೆರಾ ನೇರವಾಗಿ ಕೆಳಗೇ ನೋಡುತ್ತಿದೆಯೇ ಎಂದು ತಿಳಿಯಲು ದಾರದ ತುದಿಗೆ ಬೀಗದ ಕೈ ಕಟ್ಟಿ ಲೆನ್ಸಿನ ಪಕ್ಕದಿಂದ ಇಳಿಬಿಟ್ಟೆವು. ಅದು ತೋರಿಸಿದ ಜಾಗದಲ್ಲಿ ಬಾಣಲೆಯ ನಡುವನ್ನು ಇಟ್ಟಾಗ ಪರದೆಯಲ್ಲಿ ಬಾಣಲೆಯ ಗೋಡೆ ಸುತ್ತಲೂ ಒಂದೇ ದಪ್ಪ ಕಾಣಬೇಕು. ಒಂದು ಕಡೆ ಹೆಚ್ಚು ಕಂಡರೆ ಮೊಬೈಲ್ ವಾಲಿದೆ ಎಂದರ್ಥ. ಆ ಮೇಲೆ ಒಲೆಯ ಕಾಲುಗಳ ಸುತ್ತ ಮೇಜಿನ ಮೇಲೆ ಟೇಪಿನಿಂದ ಗುರುತು ಮಾಡಿದೆವು. ಪರದೆಯ ಕೆಳ ಅಂಚು ಅಮ್ಮನ ಕಡೆಗೇ ಇರಬೇಕೆಂಬುದನ್ನೂ ಆಗಲೇ ನಿಶ್ಚಯಿಸಿದೆವು. ನೋಡುವವರಿಗೆ ಕೈ ತಮ್ಮದೇ ಕಡೆಯಿಂದ ಬಂದಂತೆ ಕಂಡರೆ ತಿರುವುವ ದಿಕ್ಕು ಗೊಂದಲವಾಗುವುದಿಲ್ಲ.

ಬೆಳಕು

ಕಪ್ಪು ಪಟ್ಟಿಗಳ ಕಾರಣ ಚಾವಣಿಯ ಎಲ್‌ಇಡಿ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿಣುಗುತ್ತವೆ. ಕಣ್ಣಿಗೆ ತಿಳಿಯುವುದಿಲ್ಲ, ಶಟರ್ ವೇಗ ಅದಕ್ಕೆ ಹೊಂದದಿದ್ದರೆ ಕ್ಯಾಮೆರಾಕ್ಕೆ ತಿಳಿಯುತ್ತದೆ. ಶಟರನ್ನು 1/50 ಅಥವಾ 1/100ಕ್ಕೆ ಕಟ್ಟಿದರೆ ಪಟ್ಟಿ ಹೋಗುತ್ತದೆ. ಆದರೂ ನಾವು ಆ ದೀಪವನ್ನು ಆರಿಸಿಯೇ ಬಿಟ್ಟೆವು. ಅದಕ್ಕೆ ಇನ್ನೂ ದೊಡ್ಡ ಕಾರಣವಿತ್ತು.

ಬಾಣಲೆಯಲ್ಲಿ ನೀರು ಹಾಕಿ ಪರದೆ ನೋಡಿದೆವು. ನೀರಿನ ನಡುವೆ ಕೊಳವೆಯ ಕಪ್ಪು ಗೀಟು, ಮೊಬೈಲಿನ ನೆರಳು, ಸುತ್ತ ಬಿಳಿ ಚಾವಣಿ, ಅದರ ಮೇಲೆ ಉರಿಯುವ ಟ್ಯೂಬ್. ನಿಂತ ದ್ರವದ ಮೇಲ್ಮೈ ಮಟ್ಟಸವಾದ ಕನ್ನಡಿ. ನೇರ ಮೇಲಿನಿಂದ ನೋಡುವ ಕ್ಯಾಮೆರಾಕ್ಕೆ ಅದು ತೋರಿಸುವುದು ಕ್ಯಾಮೆರಾವನ್ನೇ, ಅದರ ಹಿಂದಿನ ಚಾವಣಿಯನ್ನೇ. ಪಾಕ, ತುಪ್ಪಗಳನ್ನು ಮೇಲಿನಿಂದ ಹಿಡಿಯುವಾಗ ಅವು ಹಾಲು ಬೆರೆಸಿದಂತೆ ಮಬ್ಬಾಗಿ ಕಾಣುವುದು ಇದರಿಂದ. ಅಡುಗೆ ವಿಡಿಯೊ ಮಾಡುವವರಲ್ಲಿ ಹೆಚ್ಚಿನವರು ಇದಕ್ಕೆ ಇನ್ನೊಂದು ದೀಪ ಸೇರಿಸುತ್ತಾರೆ, ಮಬ್ಬು ಇನ್ನೂ ಹೆಚ್ಚುತ್ತದೆ. ನಾವು ಎರಡು ದೊಡ್ಡ ಕಪ್ಪು ಡ್ರಾಯಿಂಗ್ ಹಾಳೆಗಳನ್ನು ಅಂಟಿಸಿ, ನಡುವೆ ಲೆನ್ಸಿಗೆ ತೂತು ಕೊರೆದು, ಕೊಳವೆಯ ಕೆಳಗೆ ಚಪ್ಪರದಂತೆ ಕಟ್ಟಿದೆವು. ಪ್ರತಿಫಲಿಸಲು ಮೇಲೆ ಕಪ್ಪು ಮಾತ್ರ ಉಳಿಯಿತು. ನೀರು ತಿಳಿಯಾಗಿ, ತಳ ಕಾಣುವಂತಾಯಿತು. ಮಗಳು ಬಾಣಲೆಯನ್ನೂ ಪರದೆಯನ್ನೂ ಎರಡೆರಡು ಸಲ ನೋಡಿದಳು. ಈ ಪ್ರಕರಣದಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ಕ್ಷಣ ಅದು.

ಇನ್ನು ಬೆಳಕು ಬರಬೇಕಾದದ್ದು ಕಿಟಕಿಯಿಂದ ಮಾತ್ರ. ಪೂರ್ವದ ಕಿಟಕಿಯಾದ್ದರಿಂದ ಬೆಳಿಗ್ಗೆ ನೇರ ಬಿಸಿಲು ಬಿದ್ದು ಬಾಣಲೆಯ ಅರ್ಧ ಸುಟ್ಟ ಬಿಳಿ, ಅರ್ಧ ಕತ್ತಲೆ. ಹನ್ನೊಂದು ಗಂಟೆಯ ಮೇಲೆ ಬಿಸಿಲು ಆಚೆ ಸರಿದು, ಮೂರರವರೆಗೆ ಬೆಳಕು ಹೆಚ್ಚು ಏರಿಳಿಯುವುದಿಲ್ಲ ಎಂದು ಒಂದು ದಿನ ಕಾದು ನೋಡಿಕೊಂಡೆವು. ಮೇಜನ್ನು ತಿರುಗಿಸಿ, ಅಮ್ಮ ಕಿಟಕಿಗೆ ಎದುರಾಗಿ ಕೂರುವಂತೆ ಮಾಡಿದೆವು. ಆಗ ಕೈಯ ನೆರಳು ಬಾಣಲೆಯ ಮೇಲೆ ಬೀಳದೆ ಅವರ ಕಡೆಗೇ ಬೀಳುತ್ತದೆ. ಗಿಡ್ಡ ಮೇಜು ಇಲ್ಲಿಯೂ ಕೆಲಸಕ್ಕೆ ಬಂತು. ಕಿಟಕಿ ಮೇಲೆ, ಬಾಣಲೆ ಕೆಳಗೆ ಇದ್ದುದರಿಂದ ಬೆಳಕು ಓರೆಯಾಗಿ ಇಳಿದು ತಳವನ್ನು ಮುಟ್ಟಿತು. ಅಡುಗೆಕಟ್ಟೆಯಲ್ಲಿ ಅದು ಬಾಣಲೆಯ ಅಂಚಿಗೆ ತಡೆದು ನಿಲ್ಲುತ್ತಿತ್ತು. ಅಮ್ಮನ ಕಡೆಯಲ್ಲಿ ಉಳಿದ ನೆರಳನ್ನು ಎತ್ತಲು, ಚೌಕಟ್ಟಿನ ಹೊರಗೆ, ಉರಿಯಿಂದ ದೂರದಲ್ಲಿ, ಒಂದು ಥರ್ಮಾಕೋಲ್ ಹಲಗೆ ನಿಲ್ಲಿಸಿದೆವು.

ಪಾತ್ರೆಯನ್ನೂ ಬದಲಿಸಿದೆವು. ಸ್ಟೀಲಿನ ಒಳಗೋಡೆ ಕಿಟಕಿಯನ್ನು ಗೀಟು ಗೀಟಾಗಿ ಹೊಳೆಯಿಸುತ್ತಿತ್ತು. ಅಟ್ಟದಲ್ಲಿ ಕಲಾಯಿ ಹಾಕಿಸಿದ ಹಿತ್ತಾಳೆಯ ಅಗಲ ಬಾಣಲೆ ಇತ್ತು, ಆಳ ಕಡಿಮೆ, ಒಳಗೆ ಮಂಕು ಬೂದು ಬಣ್ಣ. ಅಮ್ಮ ಮೊದಲಿನಿಂದ ಮೈಸೂರು ಪಾಕ್ ಮಾಡುತ್ತಿದ್ದದ್ದೂ ಅದರಲ್ಲೇ. ವಿಡಿಯೊದಲ್ಲಿ ಹೊಸದು ಚೆನ್ನಾಗಿ ಕಾಣಲಿ ಎಂದು ಸ್ಟೀಲಿನದನ್ನು ತೆಗೆದಿದ್ದರಂತೆ.

ಕೊನೆಯದಾಗಿ ಎಕ್ಸ್‌ಪೋಷರ್, ಫೋಕಸ್, ಬಣ್ಣದ ಹೊಂದಾಣಿಕೆ ಮೂರನ್ನೂ ಕಡಲೆಹಿಟ್ಟಿನ ತಟ್ಟೆಯ ಮೇಲೆ ಸರಿಮಾಡಿ ಕಟ್ಟಿಹಾಕಿದೆವು. ಸ್ವಯಂಚಾಲಿತವಾಗಿ ಬಿಟ್ಟರೆ ಕೈ ಒಳಗೆ ಬಂದಾಗಲೆಲ್ಲ ಫೋಕಸ್ ತಡಕಾಡುತ್ತದೆ, ಹಿಟ್ಟು ಬಿದ್ದಾಗ ಬಣ್ಣ ಬದಲಾಗುತ್ತದೆ. ಮೈಸೂರು ಪಾಕ್ ಆದದ್ದನ್ನು ತಿಳಿಯುವ ಗುರುತುಗಳಲ್ಲಿ ಬಣ್ಣವೂ ಒಂದು. ಕ್ಯಾಮೆರಾ ತಾನಾಗಿ ಬಣ್ಣ ತಿದ್ದುತ್ತಿದ್ದರೆ ನೋಡುವವರು ಆ ಗುರುತನ್ನೇ ಕಳೆದುಕೊಳ್ಳುತ್ತಾರೆ.

ಹಂತಗಳ ಕ್ರಮ

ಇಷ್ಟೆಲ್ಲ ಆದರೂ ಮುಖ್ಯ ಪ್ರಶ್ನೆ ಹಾಗೆಯೇ ಇತ್ತು. ಒಲೆಯ ಮೇಲಿನ ಕೆಲಸವನ್ನು ನಿಲ್ಲಿಸದೆ ಎಲ್ಲ ಚಿತ್ರಿಕೆಗಳನ್ನು ಪಡೆಯುವುದು ಹೇಗೆ?

ನಾನು ಅಮ್ಮನನ್ನು ಕೇಳಿಕೊಂಡದ್ದು ಒಂದೇ: ಎರಡು ಸಲ ಮಾಡೋಣ, ಮೊದಲನೆಯದು ತಾಲೀಮು. ಒಂದು ಲೋಟ ಕಡಲೆಹಿಟ್ಟು, ಎರಡು ಲೋಟ ಸಕ್ಕರೆ, ಎರಡು ಲೋಟ ತುಪ್ಪ, ಸಕ್ಕರೆ ನೆನೆಯುವಷ್ಟು ನೀರು. ತಾಲೀಮಿನಲ್ಲಿ ಮೇಲಿನ ಕ್ಯಾಮೆರಾ ಓಡಲಿಲ್ಲ. ಮಗಳು ಗಡಿಯಾರ, ಕಾಗದ ಹಿಡಿದು ಕುಳಿತಳು. ಪಾಕ ಒಂದೆಳೆಗೆ ಬರಲು ಏಳು ನಿಮಿಷ. ಹಿಟ್ಟು ಗಂಟಿಲ್ಲದೆ ಬೆರೆಯಲು ಎರಡು. ತುಪ್ಪ ಸೌಟು ಸೌಟಾಗಿ ಹನ್ನೊಂದು. ಕೊನೆಯ ನೊರೆ ಎದ್ದು ತಟ್ಟೆಗೆ ಸುರಿಯುವುದಕ್ಕೆ ಅರ್ಧ ನಿಮಿಷವೂ ಇಲ್ಲ. ಪ್ರತಿ ಸಾಲಿನ ಎದುರು ಮಗಳು ಇನ್ನೊಂದು ವಿಷಯ ಬರೆದಳು: ಇದು ಮೇಲಿನಿಂದ ಕಾಣುತ್ತದೆಯೇ?

ಎರಡು ಕಡೆ ಉತ್ತರ ಇಲ್ಲ ಎಂದು ಬಂತು. ಎಳೆ ಪಾಕವನ್ನು ಬೆರಳುಗಳ ನಡುವೆ ಎಳೆದು ನೋಡಬೇಕು. ಮೇಲಿನಿಂದ ಅದು ಬೆರಳಿನ ಉಗುರಾಗಿ ಮಾತ್ರ ಕಾಣುತ್ತದೆ. ಕೊಯ್ದ ತುಂಡಿನ ಗೂಡುಗಳು ಪಕ್ಕದಿಂದ ನೋಡಿದರಷ್ಟೇ ಕಾಣುತ್ತವೆ. ಇಡೀ ವಿಡಿಯೊ ಮೇಲಿನಿಂದಲೇ ಇರಬೇಕೆಂಬ ಹಟವನ್ನು ಮಗಳು ಇಲ್ಲಿ ಬಿಟ್ಟಳು. ನನ್ನ ಲೆಕ್ಕದಲ್ಲಿ ಈ ಪ್ರಕರಣದ ದೊಡ್ಡ ತಿರುವು ಇದೇ. ಎಳೆಯ ಚಿತ್ರಿಕೆಯನ್ನು ತಾಲೀಮಿನ ಪಾಕದಿಂದಲೇ ಪಡೆದೆವು. ಒಂದು ಚಮಚ ಪಾಕವನ್ನು ಬಟ್ಟಲಿಗೆ ತೆಗೆದು, ಬಾಣಲೆಯ ಕೆಲಸ ತನ್ನ ಪಾಡಿಗೆ ನಡೆಯುತ್ತಿರುವಾಗ ಅಮ್ಮನ ಸೊಸೆ ಆ ಬಟ್ಟಲಿನಿಂದ ಎಳೆ ಎಳೆದು ತೋರಿಸಿದಳು, ಹಿಂದೆ ಕಪ್ಪು ಬಟ್ಟೆ ಇಟ್ಟು ಪಕ್ಕದಿಂದ ಹಿಡಿದೆವು. ತಾಲೀಮಿನ ಸಿಹಿ ಚೆನ್ನಾಗಿ ಬಂದಿತ್ತು. ಅದರ ತುಂಡುಗಳನ್ನೇ ಜೋಡಿಸಿ, ಕೊಯ್ದ ಮುಖದ ಚಿತ್ರಿಕೆಯನ್ನೂ ಕೊನೆಯ ತಟ್ಟೆಯ ಚಿತ್ರಿಕೆಯನ್ನೂ ಅಂದೇ ಮುಗಿಸಿದೆವು. ವಿಡಿಯೊದ ಕೊನೆ ಹೀಗೆ ಮೊದಲೇ ಕೈಗೆ ಬಂತು.

ಎರಡನೆಯ ಬಾಣಲೆಯ ದಿನ ಮೊದಲು ಸಾಮಾನುಗಳ ಚಿತ್ರಿಕೆ, ಹಿಟ್ಟು ಜರಡಿ ಹಿಡಿಯುವುದು, ತಟ್ಟೆಗೆ ತುಪ್ಪ ಸವರುವುದು. ಇವೆಲ್ಲ ಕಾಯುವ ಕೆಲಸಗಳು, ತಪ್ಪಿದರೆ ಮತ್ತೆ ಮಾಡಬಹುದು. ಆಮೇಲೆ ಒಲೆ ಹೊತ್ತಿಸಿದಾಗಿನಿಂದ ತಟ್ಟೆಗೆ ಸುರಿಯುವವರೆಗೆ ಸುಮಾರು ಇಪ್ಪತ್ತೊಂದು ನಿಮಿಷ ಕ್ಯಾಮೆರಾ ಎಡೆಬಿಡದೆ ಓಡಿತು. ಯಾರೂ "ನಿಲ್ಲಿಸಿ" ಎನ್ನುವಂತಿಲ್ಲ ಎಂದು ಮೊದಲೇ ಮಾತಾಗಿತ್ತು. ಅದಕ್ಕಾಗಿ ಮೊಬೈಲಿನ ಮೆಮೊರಿ ಖಾಲಿ ಮಾಡಿ, ಚಾರ್ಜರಿನ ತಂತಿಯನ್ನು ಕೊಳವೆಯ ಉದ್ದಕ್ಕೂ ಕಟ್ಟಿ, ಕರೆ ಬಾರದಂತೆ ಏರೋಪ್ಲೇನ್ ಮೋಡಿಗೆ ಹಾಕಿದ್ದೆವು. ಹಬೆಗಾಗಿ ಫ್ಯಾನನ್ನು ಎತ್ತರದ ಸ್ಟೂಲಿನ ಮೇಲಿಟ್ಟು, ಉರಿಗೆ ತಾಗದೆ ಮೊಬೈಲಿನ ಮಟ್ಟದಲ್ಲಿ ಮಾತ್ರ ಗಾಳಿ ಹಾಯುವಂತೆ ನಿಧಾನವಾಗಿ ಬಿಟ್ಟೆವು. ಸುರಿಯುವ ಅರ್ಧ ನಿಮಿಷಕ್ಕೆ ಕ್ಯಾಮೆರಾ ಸರಿಸುವ ಸಮಯವಿರಲಿಲ್ಲ. ಪಕ್ಕದ ಮನೆಯಿಂದ ಎರಡನೆಯ ಮೊಬೈಲ್ ತಂದು ಅದೇ ಕೊಳವೆಯಲ್ಲಿ ತಟ್ಟೆಯ ನೇರಕ್ಕೆ ಕಟ್ಟಿ, ಕೊನೆಯ ಎರಡು ಸೌಟು ಇರುವಾಗಲೇ ಓಡಿಸಿದೆವು.

ಫಲ, ಮತ್ತು ಉಳಿದ ತಪ್ಪುಗಳು

ಸಿಹಿ ಬಂತು. ಗೂಡು ಗೂಡಾಗಿ, ನಡುವೆ ತುಸು ಕೆಂಪಾಗಿ, ಅಮ್ಮನಿಗೆ ಒಪ್ಪುವ ಹಾಗೆಯೇ. ಚಿತ್ರವೂ ಅಲುಗದೆ ಬಂತು. ಸಂಕಲನದಲ್ಲಿ ಇಪ್ಪತ್ತೊಂದು ನಿಮಿಷವನ್ನು ನಾಲ್ಕಕ್ಕೆ ಇಳಿಸುವಾಗ, ತುಪ್ಪದ ಮೊದಲ ಸೌಟು, ನಡುವಿನ ಒಂದು, ಕೊನೆಯ ಎರಡು ಇವುಗಳನ್ನು ಮಾತ್ರ ಪೂರ್ತಿ ವೇಗದಲ್ಲಿ ಉಳಿಸಿದೆವು. ಎಷ್ಟು ಹೊತ್ತು ಕಳೆಯಿತೆಂದು ಅಂಚಿನಲ್ಲಿ ನಿಮಿಷಗಳನ್ನು ಬರೆದೆವು. ಹಾಗೆ ಬರೆಯದೆ ಕತ್ತರಿಸಿದರೆ ನೋಡುವವರು ತುಪ್ಪವನ್ನು ಒಟ್ಟಿಗೇ ಸುರಿದುಬಿಡುತ್ತಾರೆ.

ಎರಡು ತಪ್ಪುಗಳು ಉಳಿದವು. ಎಳೆ ತೋರಿಸಿದ್ದು ಸೊಸೆಯ ಕೈ, ಹಸಿರು ಬಳೆ. ಉಳಿದೆಡೆ ಅಮ್ಮನ ಕೈ, ಚಿನ್ನದ ಬಳೆ. ನಾಲ್ಕು ಸೆಕೆಂಡಿನ ಆ ಚಿತ್ರಿಕೆಯಲ್ಲಿ ಕೈ ಬದಲಾದದ್ದನ್ನು ನೋಡಿದವರೆಲ್ಲ ಕಂಡುಹಿಡಿದರು. ಅದನ್ನು ಅಮ್ಮನ ಕೈಯಿಂದ ಮತ್ತೆ ತೆಗೆಯಲು ಅರ್ಧ ಲೋಟ ಸಕ್ಕರೆಯ ಪಾಕ ಬೇರೆಯಾಗಿ ಮಾಡಬೇಕಾಯಿತು. ಮೊದಲೇ ಯೋಚಿಸಿದ್ದರೆ ಪಾಕ ತೆಗೆದ ಬಟ್ಟಲನ್ನು ತಾಲೀಮು ಮುಗಿದ ಮೇಲೆ ಬಿಸಿನೀರಿನ ಮೇಲಿಟ್ಟು ಹದಕ್ಕೆ ತಂದು ಅಮ್ಮನಿಂದಲೇ ಮಾಡಿಸಬಹುದಿತ್ತು.

ಎರಡನೆಯದು ಶಬ್ದ. ಬಿಸಿ ತುಪ್ಪ ಹಿಟ್ಟಿನ ಮೇಲೆ ಬಿದ್ದಾಗ ಆಗುವ ಚುಂಯ್ ಎಂಬ ಸದ್ದು ಸೌಟಿನಿಂದ ಸೌಟಿಗೆ ಬದಲಾಗುತ್ತದೆ. ಅಮ್ಮ ಉರಿಯನ್ನು ಹೊಂದಿಸುವುದು ಅದನ್ನು ಕೇಳಿಕೊಂಡೇ. ನಮ್ಮ ತುಣುಕಿನಲ್ಲಿ ಫ್ಯಾನಿನ ಗಾಳಿ ಅದನ್ನು ನುಂಗಿಹಾಕಿತ್ತು. ಮಗಳು ಸಂಕಲನ ಮಾಡುತ್ತಿದ್ದಾಗ ಪಕ್ಕದಲ್ಲಿ ಕುಳಿತಿದ್ದ ಅಮ್ಮ ಪರದೆಯನ್ನು ಬಹಳ ಹೊತ್ತು ನೋಡಿ, "ಎಲ್ಲ ಕಾಣುತ್ತದೆ, ಆದರೆ ತುಪ್ಪದ ಸದ್ದೇ ಕೇಳುತ್ತಿಲ್ಲವಲ್ಲ" ಎಂದರು. ಮುಂದಿನ ವಾರ ಅದೇ ಮೇಜು, ಅದೇ ಕೊಳವೆಯ ಕೆಳಗೆ ಬಾದುಷಾ ಮಾಡಿದಾಗ, ಮೂರನೆಯ ಮೊಬೈಲೊಂದನ್ನು ಬರಿಯ ಶಬ್ದಕ್ಕಾಗಿ ಮೇಜಿನ ಅಂಚಿನಲ್ಲಿ, ಫ್ಯಾನಿಗೆ ಬೆನ್ನು ಮಾಡಿ, ಮಡಿಸಿದ ಟವೆಲ್ಲಿನ ಮೇಲೆ ಇಟ್ಟೆವು.